ಕೈಗಡ ಪಡೆದ ನೆಂಟರಿಗೆ ಬಾಕಿ ನೆನಪಿಸುವ ಸಂದೇಶ: ಲೆಕ್ಕದಿಂದ ಚುಕ್ತಾವರೆಗೆ

2024ರ ಜುಲೈನಲ್ಲಿ ನಾನು ಭಾವನಿಗೆ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ಇದು:

"ಭಾವ, ನಮಸ್ಕಾರ. ಎಲ್ಲರೂ ಆರಾಮವೇ? ಅಲ್ಲಿ ಮಳೆ ಜೋರಂತೆ. ಒಂದು ಮಾತು ಹೇಳಬೇಕಿತ್ತು, ತಪ್ಪು ತಿಳಿಯಬೇಡಿ. ಆ ವಿಷಯ ಸ್ವಲ್ಪ ನೋಡಿದರೆ ಉಪಕಾರವಾಗುತ್ತಿತ್ತು. ಅವಸರವೇನಿಲ್ಲ, ನಿಮ್ಮ ಅನುಕೂಲ ನೋಡಿಕೊಂಡು ಮಾಡಿ. ಅಕ್ಕನನ್ನು ಕೇಳಿದೆ ಎಂದು ಹೇಳಿ."

ಉತ್ತರ ಸಂಜೆಗೆ ಬಂತು: "ಮಳೆ ಭಾರೀ ಇದೆ. ನೋಡೋಣ."

ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ನನ್ನದೇ ಸಂದೇಶವನ್ನು ಮತ್ತೆ ಓದಿದಾಗ ಭಾವ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ ಎಂದು ಗೊತ್ತಾಯಿತು. ನಾನು ಮಳೆಯನ್ನು ಕೇಳಿದ್ದೆ, ಮಳೆಯ ಸುದ್ದಿ ಬಂತು. 'ಸಾಲ' ಎಂಬ ಪದ ಅದರಲ್ಲಿ ಇರಲಿಲ್ಲ. ಮೊತ್ತ ಇರಲಿಲ್ಲ, ದಿನ ಇರಲಿಲ್ಲ. ಸಾಲದ್ದಕ್ಕೆ ಅವಸರವೇನಿಲ್ಲ ಎಂದು ನಾನೇ ಅವರನ್ನು ಬಿಡುಗಡೆ ಮಾಡಿದ್ದೆ. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದು ಸಂದೇಶ ಬರೆದೆ. ಅದು ಕೆಲಸ ಮಾಡಿತು. ಎರಡರ ನಡುವೆ ಏನು ಬದಲಾಯಿತು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ನೆಂಟರ ನಡುವಿನ, ಬಡ್ಡಿಯಿಲ್ಲದ, ಬಾಯಿಮಾತಿನ ಕೈಗಡಕ್ಕೆ ಮಾತ್ರ ಇದು ಅನ್ವಯ. ಬಡ್ಡಿ ವ್ಯವಹಾರದ ದಾರಿಯೇ ಬೇರೆ.

ನನ್ನ ಪ್ರಕರಣ ಚಿಕ್ಕದು. ಭಾವನದು ಸಾಗರದ ಕಡೆಯ ಅಡಿಕೆ ತೋಟ. ಬಾವಿ ಬತ್ತಿ, ಬೋರ್‌ವೆಲ್ ಕೊರೆಸಬೇಕಾಗಿ ಬಂದಾಗ 2023ರ ಫೆಬ್ರವರಿ 15ರಂದು ಒಂದೂವರೆ ಲಕ್ಷ ರೂಪಾಯಿಯನ್ನು ಬ್ಯಾಂಕಿನ ಮೂಲಕ ಹಾಕಿದ್ದೆ. ಮುಂದಿನ ಕೊಯ್ಲಿನ ಅಡಿಕೆ ಮಾರಿ 2024ರ ಯುಗಾದಿಯೊಳಗೆ ಮರಳಿಸುವುದೆಂದು ಮಾತಾಗಿತ್ತು. ಯುಗಾದಿ ಏಪ್ರಿಲ್ 9ಕ್ಕೆ ಬಂತು. ಏಪ್ರಿಲ್ 18ರಂದು ನಲವತ್ತು ಸಾವಿರ ಬಂತು. ಆಮೇಲೆ ಸದ್ದಿಲ್ಲ.

ಮೊದಲು ಲೆಕ್ಕ, ಆಮೇಲೆ ಅಕ್ಷರ

ಸಂದೇಶ ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಕೊಟ್ಟದ್ದು ಒಂದು ಕಡೆ, ಬಂದದ್ದು ಇನ್ನೊಂದು ಕಡೆ, ದಿನಾಂಕದೊಂದಿಗೆ ಬರೆಯಿರಿ. ನೆನಪನ್ನು ನಂಬಬೇಡಿ, ಬ್ಯಾಂಕಿನ ಪಾಸ್‌ಬುಕ್ಕನ್ನೋ ಸ್ಟೇಟ್‌ಮೆಂಟನ್ನೋ ತೆರೆದು ನೋಡಿ. ಕೊಟ್ಟವನಿಗೆ ಕೊಟ್ಟದ್ದು ನೆನಪಿರುತ್ತದೆ, ಪಡೆದವನಿಗೆ ಮರಳಿಸಿದ್ದು ನೆನಪಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ನನ್ನ ಲೆಕ್ಕದಲ್ಲಿ ಬಾಕಿ 1,10,000 ಎಂದಿತ್ತು. ಬರೆಯುವ ಮುಂಚೆ ಅಮ್ಮನೊಂದಿಗೆ ಬೇರೇನೋ ಮಾತಾಡುವಾಗ ಹಿಂದಿನ ವರ್ಷದ ಮೇ ತಿಂಗಳ ಸಂಗತಿ ಬಂತು. ಅಮ್ಮನ ಮನೆಯ ಹೆಂಚು ತಿರುವಿ ಹಾಕಿಸುವಾಗ ಆಳುಗಳ ಕೂಲಿ ಮತ್ತು ಒಡೆದ ಹೆಂಚುಗಳ ಖರ್ಚು 6,500 ರೂಪಾಯಿಯನ್ನು ಭಾವ ತಮ್ಮ ಕೈಯಿಂದಲೇ ಕೊಟ್ಟಿದ್ದರು. "ಇದನ್ನು ನಮ್ಮ ಲೆಕ್ಕಕ್ಕೆ ಹಾಕಿಕೊ" ಎಂದು ನನಗೆ ಫೋನಿನಲ್ಲಿ ಹೇಳಿಯೂ ಇದ್ದರು. ನಾನು ಪೂರ್ತಿ ಮರೆತಿದ್ದೆ. 1,10,000 ಎಂದು ಬರೆದು ಕಳಿಸಿದ್ದರೆ ಮಾತೆಲ್ಲ ಆ ಆರೂವರೆ ಸಾವಿರದ ಸುತ್ತಲೇ ತಿರುಗುತ್ತಿತ್ತು. ಉಳಿದ ಲಕ್ಷ ಮೂಲೆಗೆ ಸರಿಯುತ್ತಿತ್ತು. ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕರೆ ಸಾಲಗಾರನಿಗೆ ಅದು ಹಬ್ಬ. ಸರಿಯಾದ ಬಾಕಿ 1,03,500.

ನೆಂಟಸ್ತಿಕೆಯಲ್ಲಿ ಹಣಕ್ಕೆ ಬೇರೆ ರೂಪಗಳೂ ಇವೆ, ಅವುಗಳನ್ನು ಇಲ್ಲೇ ಬೇರ್ಪಡಿಸಿಕೊಳ್ಳಬೇಕು. ಮಗನ ಉಪನಯನಕ್ಕೆ ಭಾವ 5,000 ಮುಯ್ಯಿ ಇಟ್ಟಿದ್ದರು. ಮುಯ್ಯಿ ಸಾಲಕ್ಕೆ ಜಮೆಯಾಗುವುದಿಲ್ಲ, ಅವರ ಮನೆಯ ಶುಭಕಾರ್ಯದಲ್ಲಿ ನಾನು ಅದನ್ನು ಮುಯ್ಯಿಯಾಗಿಯೇ ತೀರಿಸಬೇಕು. ಅಕ್ಕ ಪ್ರತಿ ವರ್ಷ ಕಳಿಸುವ ಹಪ್ಪಳ, ಜೋನಿಬೆಲ್ಲಕ್ಕೂ ಇದೇ ಮಾತು. ನಾನು ಊರಿಗೆ ಹೋದಾಗ ಅವರ ಮಕ್ಕಳಿಗೆ ಕೊಡಿಸಿದ್ದನ್ನೂ ಎತ್ತಿ ಆಡಬಾರದು. 'ಲೆಕ್ಕಕ್ಕೆ ಹಾಕಿಕೊ' ಎಂದು ಬಾಯಿ ಬಿಟ್ಟು ಹೇಳಿದ್ದು ಮಾತ್ರ ಲೆಕ್ಕ. ಕೊಡುವಾಗ ಬಡ್ಡಿಯ ಮಾತು ಆಡದೆ ಈಗ ತಡವಾಯಿತೆಂದು ಬಡ್ಡಿ ಸೇರಿಸಿದರೆ, ಹಣ ಬಂದರೂ ಮಾತು ನಿಂತುಹೋಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಈ ಹಣ ನಿಜಕ್ಕೂ ಬೇಕೇ? ಬೇಡವಾಗಿದ್ದರೆ, ಬಿಟ್ಟುಬಿಟ್ಟಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ ಮುಗಿಸಿ. ಬಿಡಲೂ ಮನಸ್ಸಿಲ್ಲದೆ ಕೇಳಲೂ ಬಾಯಿಲ್ಲದೆ, ಮದುವೆಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಯಾರಿಗೆ, ಎಲ್ಲಿ

ಸಂದೇಶ ಹೋಗಬೇಕಾದದ್ದು ಹಣ ಪಡೆದವರಿಗೆ, ಅವರೊಬ್ಬರಿಗೇ. ಭಾವನಿಗೆ ಕೊಟ್ಟದ್ದನ್ನು ಅಕ್ಕನ ಮೂಲಕ ಕೇಳುವುದು ಸುಲಭ ಅನ್ನಿಸುತ್ತದೆ, ಏಕೆಂದರೆ ಅಕ್ಕನ ಹತ್ತಿರ ಸಲಿಗೆ ಇದೆ. ಆದರೆ ಹಾಗೆ ಮಾಡಿದರೆ ಅಕ್ಕ ಗಂಡನ ಮುಂದೆ ತವರಿನ ತಗಾದೆಯವಳಾಗುತ್ತಾಳೆ, ತಮ್ಮನ ಮುಂದೆ ಗಂಡನ ವಕೀಲಳಾಗುತ್ತಾಳೆ. ಅವಳಿಗೆ ಸಾಲದ ಪೂರ್ತಿ ಮೊತ್ತ ಗೊತ್ತಿರದಿದ್ದರಂತೂ ಮನೆಯೊಳಗೇ ಬೆಂಕಿ. ಅಮ್ಮನ ಮೂಲಕ ಕೇಳಿಸುವುದು ಇನ್ನೂ ಕೆಟ್ಟದ್ದು. ಅಳಿಯನ ಹತ್ತಿರ ಹಣದ ಮಾತಾಡುವ ಸ್ಥಿತಿಗೆ ಅತ್ತೆಯನ್ನು ತಳ್ಳಬಾರದು.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸೂಚನೆಯೂ ಬೇಡ. ನಂಬಿಕೆ, ಮಾತು ಉಳಿಸಿಕೊಳ್ಳುವವರು ಎಂದೆಲ್ಲ ಸುಭಾಷಿತವನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುವ ಚಟವೂ ಬೇಡ. ಯಾರಿಗೆ ತಾಗಬೇಕೋ ಅವರನ್ನು ಬಿಟ್ಟು ಉಳಿದ ನಾಲ್ವರು ನೆಂಟರು ಅದು ತಮಗೇ ಎಂದುಕೊಳ್ಳುತ್ತಾರೆ.

ಮೊದಲು ಬರಹವೇ, ಫೋನೇ? ಓದುವವರಾದರೆ ಮೊದಲು ಬರಹ, ಒಂದೆರಡು ದಿನ ಬಿಟ್ಟು ಫೋನ್ ಎಂಬುದು ನನ್ನ ಅನುಭವ. ಥಟ್ಟನೆ ಫೋನ್ ಮಾಡಿದರೆ ಎದುರಿಗಿರುವವರಿಗೆ ಯೋಚಿಸಲು ಸಮಯವಿಲ್ಲ. ಮುಜುಗರದಲ್ಲಿ "ಮುಂದಿನ ವಾರ ಹಾಕಿಬಿಡುತ್ತೇನೆ" ಎಂದು ಆಗದ ಮಾತು ಕೊಟ್ಟುಬಿಡುತ್ತಾರೆ. ಬರಹ ಇದ್ದರೆ ಒಬ್ಬರೇ ಕೂತು ಓದಿ, ಲೆಕ್ಕ ಹಾಕಿ, ನಿಜವಾದ ಉತ್ತರ ಕೊಡಬಹುದು. ವಾಯ್ಸ್ ಮೆಸೇಜ್ ಕಳಿಸಬೇಡಿ. ಹಳ್ಳಿಯ ಮನೆಗಳಲ್ಲಿ ಅದನ್ನು ಜಗಲಿಯಲ್ಲಿ ಕೂತು ಜೋರಾಗಿಯೇ ಕೇಳುತ್ತಾರೆ. ಓದುವ ರೂಢಿಯಿಲ್ಲದ ದೊಡ್ಡಪ್ಪ, ಅತ್ತೆಯಂಥವರಾದರೆ ಕ್ರಮ ತಿರುಗುಮುರುಗು: ಎದುರಿಗೆ ಕೂತು, ಬೇರೆ ಯಾರೂ ಇಲ್ಲದಾಗ ಮಾತಾಡಿ, ಮಾತಾಡಿದ್ದನ್ನು ಆಮೇಲೆ ಎರಡು ಸಾಲು ಬರೆದುಕೊಡಿ.

ಯಾವಾಗ

ನನ್ನ ಜುಲೈ ಸಂದೇಶ ಸೋತದ್ದಕ್ಕೆ ಅರ್ಧ ಕಾರಣ ಈ ಹಂತದಲ್ಲಿದೆ. ಆಷಾಢದ ಮಳೆಯಲ್ಲಿ ಅಡಿಕೆ ಬೆಳೆಗಾರನ ಕೈಯಲ್ಲಿ ಹಣವಿರುವುದಿಲ್ಲ, ಖರ್ಚು ಮಾತ್ರ ಇರುತ್ತದೆ. ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸಬೇಕು, ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಮಳೆ ಬಿಡುವು ಕೊಟ್ಟ ಒಂದು ದಿನಕ್ಕೆ ಮರ ಹತ್ತುವ ಕೊನೆಗೌಡನನ್ನು ಹಿಡಿದು ತರಬೇಕು. ಅಂಥ ವಾರದಲ್ಲಿ ನಾನು ಬೆಂಗಳೂರಿನಿಂದ 'ಆ ವಿಷಯ' ಎಂದು ಬರೆದಿದ್ದೆ.

ಹಾಗಾದರೆ ಅಡಿಕೆ ಮಾರಿ ಹಣ ಬಂದ ಮೇಲೆ ಕೇಳಬೇಕೇ? ಅದೂ ತಡವೇ. ಹಣ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಎಲ್ಲರ ಹೆಸರೂ ಬರೆದಾಗಿರುತ್ತದೆ: ಸೊಸೈಟಿಯ ಬೆಳೆಸಾಲ, ಗೊಬ್ಬರದ ಅಂಗಡಿಯ ಬಾಕಿ, ಆಳುಗಳ ಮುಂಗಡ, ಮಗಳ ಹಾಸ್ಟೆಲ್ಲು. ಬಾಯಿ ಬಿಟ್ಟು ಕೇಳಿದವರ ಹೆಸರು ಮೇಲಿರುತ್ತದೆ, ದಾಕ್ಷಿಣ್ಯದಿಂದ ಸುಮ್ಮನಿದ್ದ ಮೈದುನನ ಹೆಸರು ಕೊನೆಗೆ. ಆದ್ದರಿಂದ ಹಣ ಬರುವ ಆರೆಂಟು ವಾರ ಮೊದಲೇ, ಎಂದರೆ ಕೊಯ್ಲು ಶುರುವಾಗುವ ನವೆಂಬರ್‌ನಲ್ಲಿ, ಕೇಳುವುದು ಸರಿ. ಸಂಬಳದ ಕೆಲಸದವರಾದರೆ ತಿಂಗಳ ಕೊನೆಯ ವಾರದಲ್ಲಿ ಬರೆದು, ಮುಂದಿನ ತಿಂಗಳ ಮೊದಲ ವಾರದ ದಿನಾಂಕ ಹೇಳಿ. ಇಪ್ಪತ್ತನೇ ತಾರೀಖಿಗೆ ಕೇಳಿದರೆ ಖಾಲಿ ಜೇಬನ್ನು ತಡಕಿದಂತೆ.

ದಿನದ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಎಷ್ಟೋ ಮನೆಗಳಲ್ಲಿ ಶುಕ್ರವಾರ ಹಣ ಹೊರಗೆ ಕೊಡುವುದಿಲ್ಲ, ಕೆಲವರಿಗೆ ಮಂಗಳವಾರವೂ ಆಗದು, ದೀಪ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ. ನೀವು ನಂಬುವಿರೋ ಬಿಡುವಿರೋ, ಗಡುವನ್ನು ಶುಕ್ರವಾರಕ್ಕೆ ಇಟ್ಟರೆ ಸೋಮವಾರಕ್ಕೆ ಮುಂದೂಡಲು ನೀವೇ ಕಾರಣ ಒದಗಿಸಿದಂತೆ. ನಾನು ಎರಡೂ ಗಡುವುಗಳನ್ನು ಬುಧವಾರಕ್ಕೆ ಇಟ್ಟೆ. ಸಂದೇಶವನ್ನು ನವೆಂಬರ್ 24ರ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ತಿಂಡಿ ಮುಗಿದು ಅವರು ತೋಟಕ್ಕೆ ಇಳಿಯುವ ಮುಂಚೆ, ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಕಳಿಸಿದ ಹಣದ ಸಂದೇಶವನ್ನು ಯಾರೂ ಒಳ್ಳೆಯ ಮನಸ್ಸಿನಿಂದ ಓದುವುದಿಲ್ಲ. ಹಬ್ಬದ ದಿನ, ಸೂತಕದ ದಿನಗಳು, ಅವರ ಮನೆಯಲ್ಲಿ ಊಟ ಮಾಡಿ ಬಂದ ಮರುದಿನ ಬೇಡವೆಂದು ಬೇರೆ ಹೇಳಬೇಕಿಲ್ಲ.

ಬರೆಯುವುದು

ಕೊನೆಗೆ ಕಳಿಸಿದ್ದು ಇದು:

"ಭಾವ, ನಮಸ್ಕಾರ. ಇದನ್ನು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. 2023ರ ಫೆಬ್ರವರಿಯಲ್ಲಿ ಬೋರ್‌ವೆಲ್‌ಗೆಂದು ಕೊಟ್ಟ ₹1,50,000 ಕೈಗಡದ ವಿಷಯ. ಈ ಏಪ್ರಿಲ್‌ನಲ್ಲಿ ನೀವು ₹40,000 ಹಾಕಿದ್ದಿರಿ. ಅಮ್ಮನ ಮನೆಯ ಹೆಂಚಿನ ಕೆಲಸಕ್ಕೆ ನೀವು ಕೊಟ್ಟ ₹6,500 ಕೂಡ ಕಳೆದಿದ್ದೇನೆ. ಉಳಿದದ್ದು ₹1,03,500. ಯುಗಾದಿಗೆ ಮುಗಿಸುವುದೆಂದು ಮಾತಾಗಿತ್ತು, ಈಗ ಏಳು ತಿಂಗಳು ದಾಟಿದೆ. ಫೆಬ್ರವರಿಯಲ್ಲಿ ನಾವು ಮನೆ ಬದಲಿಸಬೇಕು, ಹೊಸ ಮನೆಯ ಅಡ್ವಾನ್ಸಿಗೆ ಈ ಹಣವನ್ನು ನೆಚ್ಚಿಕೊಂಡಿದ್ದೇನೆ. ಡಿಸೆಂಬರ್ 11ರೊಳಗೆ ₹23,500, ಅಡಿಕೆ ತೂಕವಾದ ಮೇಲೆ ಜನವರಿ 22ರೊಳಗೆ ₹80,000 ಆಗಬಹುದೇ? ಈ ದಿನಗಳು ಕಷ್ಟವಾದರೆ ನಿಮಗೆ ಆಗುವ ದಿನ ಮತ್ತು ಮೊತ್ತವನ್ನು ನೀವೇ ಹೇಳಿ, ಹಾಗೇ ಮಾಡೋಣ. ಲೆಕ್ಕದಲ್ಲಿ ನಾನು ಮರೆತದ್ದಿದ್ದರೆ ಅದನ್ನೂ ತಿಳಿಸಿ. ಬುಧವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ."

ಇದರಲ್ಲಿ ಕುಶಲೋಪರಿ ಇಲ್ಲ. ಬೇಕೆಂದೇ ಬಿಟ್ಟೆ. ಆರು ಸಾಲು ಯೋಗಕ್ಷೇಮ ಕೇಳಿ ಏಳನೇ ಸಾಲಿಗೆ ಹಣದ ಮಾತು ತಂದರೆ, ಮೊದಲಿನ ಆರು ಸಾಲೂ ನಾಟಕದಂತೆ ಕಾಣುತ್ತದೆ. ಮುಂದೆ ನೀವು ನಿಜವಾಗಿ ಆರೋಗ್ಯ ವಿಚಾರಿಸಿದರೂ 'ಈಗ ದುಡ್ಡಿನ ಮಾತು ಬರುತ್ತದೆ' ಎಂದು ಕಾಯುವಂತಾಗುತ್ತದೆ. ಅಕ್ಕನ ಯೋಗಕ್ಷೇಮವನ್ನು ಅಕ್ಕನಿಗೇ ಬೇರೆ ದಿನ ಫೋನ್ ಮಾಡಿ ಕೇಳಿದೆ.

ಹಾಗಾದರೆ ಆತ್ಮೀಯತೆ ಎಲ್ಲಿದೆ? ಮೂರು ಕಡೆ ಇದೆ. 'ನಿಮಗೊಬ್ಬರಿಗೇ' ಎಂಬಲ್ಲಿ ಅವರ ಮರ್ಯಾದೆಯನ್ನು ಕಾಯುವ ಮಾತಿದೆ. ಅವರು ಕೊಟ್ಟ ನಲವತ್ತು ಸಾವಿರವನ್ನೂ ಆರೂವರೆ ಸಾವಿರವನ್ನೂ ನಾನೇ ಮೊದಲು ಹೇಳಿದ್ದರಿಂದ, ಅವರು ಕೊಡದವರಲ್ಲ, ಅರ್ಧ ದಾರಿ ಬಂದವರು ಎಂದಾಯಿತು. ಮೂರನೆಯದು, ಬೇರೆ ದಿನ ಹೇಳುವ ಸ್ವಾತಂತ್ರ್ಯ. ಆ ವಾಕ್ಯವನ್ನು ಗಮನಿಸಿ: 'ಯಾವಾಗಲಾದರೂ ಕೊಡಿ' ಎಂದಿಲ್ಲ, 'ಆಗುವ ದಿನ ಮತ್ತು ಮೊತ್ತ' ಎಂದಿದೆ. ದಿನ ಅವರದ್ದೇ ಆಗಲಿ, ಆದರೆ ದಿನ ಎಂಬುದೊಂದು ಇರಲೇಬೇಕು.

ಕಾರಣ ಹೇಳುವುದು ಕಡ್ಡಾಯವಲ್ಲ, ನಿಮ್ಮ ಹಣ ಕೇಳಲು ನಿಮಗೆ ಕಾರಣ ಬೇಕಿಲ್ಲ. ಹೇಳುವುದಾದರೆ ನಿಜವನ್ನೇ, ಒಂದೇ ಸಾಲಿನಲ್ಲಿ ಹೇಳಿ. ಇಲ್ಲದ ಆಸ್ಪತ್ರೆ ಖರ್ಚು ಸೃಷ್ಟಿಸಿದರೆ ನೆಂಟರ ನಡುವೆ ಅದು ಒಂದು ವಾರವೂ ಬಾಳುವುದಿಲ್ಲ. ಯಾರೋ ಹಣ್ಣು ಹಿಡಿದುಕೊಂಡು ನೋಡಲು ಬಂದೇ ಬರುತ್ತಾರೆ. ಆ ವರ್ಷ ಅಮ್ಮನ ಕಣ್ಣಿನ ಆಪರೇಷನ್ ನಿಜವಾಗಿಯೇ ಇತ್ತು. ಅದನ್ನು ನಾನು ಬರೆಯಲಿಲ್ಲ. ಬರೆದಿದ್ದರೆ 'ನಿಮ್ಮ ಅತ್ತೆಯ ಕಣ್ಣು ನಿಮ್ಮ ಕೈಯಲ್ಲಿದೆ' ಎಂದಂತಾಗುತ್ತಿತ್ತು.

ಬರೆದಾದ ಮೇಲೆ ಅಳಿಸಬೇಕಾದ ಮಾತುಗಳಿವೆ. 'ತಪ್ಪು ತಿಳಿಯಬೇಡಿ' ಎಂದರೆ ತಪ್ಪು ತಿಳಿಯಲು ಏನೋ ಇದೆ ಎಂದು ನೀವೇ ತೋರಿಸಿದ ಹಾಗೆ. 'ಕೇಳಲು ನನಗೇ ಸಂಕೋಚ' ಎಂದರೆ ಅವರು ನಿಮ್ಮ ಸಂಕೋಚವನ್ನು ಸಮಾಧಾನ ಮಾಡಿ ಹಣದ ಮಾತು ಮರೆಯುತ್ತಾರೆ. 'ಎಷ್ಟು ಸಲ ಹೇಳಿದೆ', 'ನೀವೇ ಮಾತು ಕೊಟ್ಟಿದ್ದಿರಿ' ಎಂಬುವು ಜಗಳಕ್ಕೆ ಆಹ್ವಾನ. 'ಯುಗಾದಿಗೆ ಮಾತಾಗಿತ್ತು' ಎಂದರೆ ಅದೇ ಸಂಗತಿ, ಬೆರಳು ತೋರಿಸದೆ ಹೇಳಿದಂತೆ. ಎಲ್ಲಕ್ಕಿಂತ ಅಪಾಯದ್ದು ನಮ್ಮ ನಾಲಗೆಯ ತುದಿಯಲ್ಲೇ ಕೂತಿರುವ 'ಪರವಾಗಿಲ್ಲ'. ಸಂದೇಶ ಕಳಿಸಿದ ಹತ್ತು ನಿಮಿಷಕ್ಕೆ ಮನಸ್ಸು ಕರಗಿ 'ಅವಸರವಿಲ್ಲ ಭಾವ, ಪರವಾಗಿಲ್ಲ' ಎಂದು ಇನ್ನೊಂದು ಸಾಲು ಹಾಕಿದರೆ ಮೊದಲಿನದೆಲ್ಲ ನೀರಿನಲ್ಲಿ ಹೋಮ. ನಾನು ಕಳಿಸಿದ ಮೇಲೆ ಫೋನನ್ನು ಒಳಗಿಟ್ಟು ತರಕಾರಿ ತರಲು ಹೋದೆ. ಅಂಕಿಯೇ ತಪ್ಪಾಗಿದ್ದರೆ ವಾಟ್ಸಾಪಿನಲ್ಲಿ ತಿದ್ದಲು 15 ನಿಮಿಷದ ಅವಕಾಶವಿದೆ, ಅದಕ್ಕೆ ಮಾತ್ರ ಬಳಸಿ.

ವಯಸ್ಸು, ಸಲಿಗೆಗೆ ತಕ್ಕಂತೆ ಧಾಟಿ ಬದಲಾಗುತ್ತದೆ, ಒಳಗಿನ ಎಲುಬು ಬದಲಾಗುವುದಿಲ್ಲ. ಸಂಬಳದ ಕೆಲಸದಲ್ಲಿರುವ ಚಿಕ್ಕಪ್ಪನ ಮಗನಿಗಾದರೆ ಇಷ್ಟು ಸಾಕು: "ಮಾರ್ಚ್‌ನಲ್ಲಿ ಬೈಕಿಗೆಂದು ಕೊಟ್ಟ 25,000 ಆಗಸ್ಟ್‌ಗೆ ವಾಪಸ್ ಎಂದಿದ್ದೆಯಲ್ಲ, ಇನ್ನೂ ಬಂದಿಲ್ಲ. ಒಂದೇ ಸಲ ಕಷ್ಟವಾದರೆ ಮುಂದಿನ ತಿಂಗಳು 5ರಿಂದ ತಿಂಗಳಿಗೆ ಐದು ಸಾವಿರದಂತೆ ಹಾಕು. ಆಗುತ್ತದೋ ಇಲ್ಲವೋ ಭಾನುವಾರದೊಳಗೆ ಹೇಳು."

ಉತ್ತರ ಬಂದಾಗ, ಬಾರದಿದ್ದಾಗ

ಭಾನುವಾರವೇ ನೀಲಿ ಗೆರೆ ಬಿತ್ತು. ಉತ್ತರವಿಲ್ಲ. ಸೋಮವಾರ, ಮಂಗಳವಾರವೂ ಇಲ್ಲ. ಬುಧವಾರ ಫೋನ್ ಮಾಡುತ್ತೇನೆ ಎಂದು ಬರೆದಿದ್ದರಿಂದ ಮಧ್ಯೆ ಮತ್ತೆ ಬರೆಯುವ ಚಡಪಡಿಕೆ ನನಗೂ ಇರಲಿಲ್ಲ, ಆ ಸಾಲಿನ ಉಪಯೋಗವೇ ಅದು. ಏಳಕ್ಕೆ ಸರಿಯಾಗಿ ಫೋನ್ ಮಾಡಿದೆ.

ಭಾವ ಸ್ವಲ್ಪ ಬಿಗಿಯಾಗಿಯೇ ಶುರು ಮಾಡಿದರು: "ನಾನೇನು ಓಡಿಹೋಗುತ್ತೇನೆಯೇ?" ಇಂಥ ಮಾತಿಗೆ ವಾದ ಹೂಡಬಾರದು. "ಓಡಿಹೋಗುವವರಿಗೆ ನಾನು ಕೊಡುತ್ತಿರಲಿಲ್ಲ ಭಾವ. ದಿನ ಗೊತ್ತಾದರೆ ನನಗೂ ಮನೆ ಮಾಲೀಕರಿಗೆ ಹೇಳಲು ಆಗುತ್ತದೆ" ಎಂದೆ, ಸುಮ್ಮನಾದೆ. ಆ ಸುಮ್ಮನಿರುವುದೇ ಕಷ್ಟದ ಕೆಲಸ. ಮೌನವನ್ನು ತುಂಬಲು ಹೋಗಿ ನಾವೇ ರಿಯಾಯಿತಿ ಕೊಟ್ಟುಬಿಡುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: ಡಿಸೆಂಬರ್‌ನಲ್ಲಿ ಏನೂ ಆಗದು, ಕೊನೆಗೌಡನಿಗೂ ಸುಲಿಯುವವರಿಗೂ ಕೊಡಬೇಕು. ಜನವರಿಯಲ್ಲಿ ಎಪ್ಪತ್ತು ಸಾವಿರ, ಉಳಿದದ್ದು ಮಾರ್ಚ್ ಕೊನೆಗೆ.

ನಾನು ಕೇಳಿದ್ದಕ್ಕಿಂತ ಇದು ಕಡಿಮೆ. ಆದರೆ ಅಂಕಿ ಇದೆ, ತಿಂಗಳಿದೆ, ಮತ್ತು ಅದು ಅವರದೇ ಮಾತು. ಒಪ್ಪಿಕೊಂಡು ಫೋನ್ ಇಟ್ಟ ಕೂಡಲೇ ಬರೆದೆ: "ಭಾವ, ಮಾತಾಡಿದ್ದು ಒಳ್ಳೆಯದಾಯಿತು. ಬಾಕಿ ₹1,03,500ರಲ್ಲಿ ಜನವರಿ 22ಕ್ಕೆ ₹70,000, ಮಾರ್ಚ್ 26ಕ್ಕೆ ₹33,500 ಎಂದು ಬರೆದುಕೊಂಡಿದ್ದೇನೆ. ಸರಿಯಿದೆಯೇ?" "ಸರಿ" ಎಂದು ಬಂತು. ಈ ಒಂದು ಅಕ್ಷರದ ಜೋಡಿಗಾಗಿಯೇ ಅಷ್ಟೆಲ್ಲ ಮಾಡಿದ್ದು.

'ನೋಡೋಣ' ಎಂದು ಉತ್ತರ ಬಂದರೆ ಅದನ್ನು ಉತ್ತರವೆಂದು ತೆಗೆದುಕೊಳ್ಳಬೇಡಿ. "ಸರಿ, ನೋಡಿ ಹೇಳಿ. ಯಾವ ತಾರೀಖಿಗೆ ಕೇಳಲಿ?" ಎಂದು ಮೃದುವಾಗಿ ಮರಳಿಸಿ. ನಿಜವಾದ ಕಷ್ಟ ಇದೆ ಎಂದರೆ, ಬೆಳೆ ಹೋಗಿದೆ, ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ ಎಂದರೆ, ಆ ದಿನ ಹಣದ ಮಾತು ಬಿಡಿ, ಎರಡು ತಿಂಗಳ ಮುಂದಿನ ಒಂದು ದಿನ ಹೇಳಿ ಆಗ ಮಾತಾಡೋಣ ಎನ್ನಿ. ಕಷ್ಟ ನಿಜವೋ ನೆಪವೋ ಎಂದು ತಿಳಿಯಲು ನನಗೆ ಗೊತ್ತಿರುವ ಗುರುತು ಒಂದೇ: ನಿಜವಾದ ಕಷ್ಟದಲ್ಲಿರುವವರು ಸಣ್ಣ ಮೊತ್ತವನ್ನಾದರೂ ತಾವೇ ಹೇಳುತ್ತಾರೆ. ನೆಪ ಹೇಳುವವರು ದೊಡ್ಡ ಮೊತ್ತವನ್ನು ಒಂದೇ ಸಲ ಕೊಡುವ ಭರವಸೆ ಕೊಡುತ್ತಾರೆ, ದಿನ ಮಾತ್ರ ಹೇಳುವುದಿಲ್ಲ.

ಫೋನೂ ಎತ್ತದಿದ್ದರೆ ಹತ್ತು ದಿನ ಬಿಟ್ಟು ಎರಡನೆಯ ಸಂದೇಶ. ಅದು ಮೊದಲನೆಯದಕ್ಕಿಂತ ಚಿಕ್ಕದಿರಲಿ: "ಭಾವ, ಹೋದ ಭಾನುವಾರದ ಹಿಂದಿನ ವಾರ ಬರೆದದ್ದಕ್ಕೆ ಉತ್ತರ ಸಿಗಲಿಲ್ಲ. ಬಾಕಿ ₹1,03,500. ಈ ಶನಿವಾರದೊಳಗೆ ಒಂದು ದಿನ ತಿಳಿಸಿ. ಮುಂದಿನ ಭಾನುವಾರ ನಾನೇ ಊರಿಗೆ ಬರುತ್ತಿದ್ದೇನೆ, ಕೂತು ಮಾತಾಡಿಕೊಳ್ಳೋಣ." ಬರುತ್ತೇನೆಂದು ಬರೆದರೆ ಹೋಗಲೇಬೇಕು.

ಮೂರು ವರ್ಷದ ಗೆರೆ

ಇಲ್ಲಿಯವರೆಗೆ ನ್ಯಾಯಾಲಯದ ಮಾತು ಬಂದಿಲ್ಲ, ಸಂದೇಶದಲ್ಲೂ ಬರಬಾರದು. ಆದರೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಟ್ಟುಕೊಳ್ಳಬೇಕು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ಹಣದ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಬಾಯಿಮಾತಿನ ಸಾಲದಲ್ಲಿ ಗಡುವು ಯಾವುದಿತ್ತು ಎಂಬುದೇ ವಿವಾದವಾಗಬಹುದಾದ್ದರಿಂದ, ಕೊಟ್ಟ ದಿನದಿಂದಲೇ ಮೂರು ವರ್ಷ ಎಂದು ಎಣಿಸಿಕೊಳ್ಳುವುದು ಸುರಕ್ಷಿತ. ನನ್ನ ಪ್ರಕರಣದಲ್ಲಿ ಅದು 2026ರ ಫೆಬ್ರವರಿ ಮಧ್ಯಕ್ಕೆ ಮುಗಿಯುತ್ತಿತ್ತು.

ಆ ಅವಧಿ ಮುಗಿಯುವ ಮೊದಲು ಸಾಲಗಾರ ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿಕೊಟ್ಟರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ವಾಟ್ಸಾಪಿನ 'ಸರಿ'ಯನ್ನೇ ಪೂರ್ತಿ ನೆಚ್ಚಿಕೊಳ್ಳಬೇಡಿ, ಕಾಗದದ ಮೇಲಿನ ಸಹಿಗೆ ತಕರಾರು ಕಡಿಮೆ. ಗಡುವು ಎರಡು ಸಲ ತಪ್ಪಿ, ಎರಡೂವರೆ ವರ್ಷ ಕಳೆದಿದ್ದರೆ ಊರಿಗೆ ಹೋದಾಗ ಹೀಗೆ ಕೇಳಬಹುದು: "ಭಾವ, ನಮ್ಮಿಬ್ಬರ ನಂತರ ಮಕ್ಕಳಿಗೆ ಗೊಂದಲವಾಗುವುದು ಬೇಡ. ಬಾಕಿ ಎಷ್ಟೆಂದು ಒಂದು ಚೀಟಿ ಬರೆದಿಟ್ಟುಕೊಳ್ಳೋಣ." ಚೀಟಿಯಲ್ಲಿ ಇಷ್ಟಿದ್ದರೆ ಸಾಕು: "ದಿನಾಂಕ 15-02-2023ರಂದು ನಿಮ್ಮಿಂದ ಪಡೆದ ಕೈಗಡ ₹1,50,000ರಲ್ಲಿ ಈ ದಿನದವರೆಗೆ ₹46,500 ಸಂದಾಯವಾಗಿದ್ದು, ₹1,03,500 ಕೊಡುವುದು ಬಾಕಿ ಇರುತ್ತದೆ." ಕೆಳಗೆ ಅವರ ಸಹಿ, ಆ ದಿನದ ದಿನಾಂಕ. ಇದಕ್ಕೂ ಒಪ್ಪದಿದ್ದರೆ ಮುಂದಿನ ಹೆಜ್ಜೆ ವಕೀಲರದು. ನೋಟಿಸ್ ಹೋದ ಮೇಲೆ ಹಣ ಬಂದೀತು, ಹಬ್ಬಕ್ಕೆ ಕರೆ ಬರುವುದಿಲ್ಲ. ಎರಡನ್ನೂ ತೂಗಿ ನೋಡುವ ಕೆಲಸ ನಿಮ್ಮದೇ.

ಹಣ ಬಂದಾಗ

ಬ್ಯಾಂಕ್ ಅಥವಾ ಯುಪಿಐ ಮೂಲಕವೇ ತರಿಸಿಕೊಳ್ಳಿ. ಆದಾಯ ತೆರಿಗೆ ಕಾನೂನು 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಮರಳಿಸಲು ಬಿಡುವುದಿಲ್ಲ, ದಂಡ ಬೀಳುವುದು ಮರಳಿಸಿದವರ ಮೇಲೆ. ಭಾವನೇನಾದರೂ "ನಗದು ಇದೆ, ಬಂದು ತೆಗೆದುಕೊಂಡು ಹೋಗು" ಎಂದರೆ ಇದು ಅವರ ಒಳ್ಳೆಯದಕ್ಕೇ ಹೇಳುವ ಮಾತು.

ಎಪ್ಪತ್ತು ಸಾವಿರ ಒಂದು ದಿನ ತಡವಾಗಿ, ಜನವರಿ 23ರ ಗುರುವಾರ ಬಂತು. ಒಂದು ದಿನದ ತಡಕ್ಕೆ ಮಾತಿಲ್ಲ. ಬಂದ ಹತ್ತು ನಿಮಿಷದೊಳಗೆ ಬರೆದೆ: "₹70,000 ಬಂತು ಭಾವ. ಉಳಿದದ್ದು ₹33,500." ಥ್ಯಾಂಕ್ಸ್ ಎಂದು ಕುಣಿದಾಡಲಿಲ್ಲ, ನನ್ನದೇ ಹಣಕ್ಕೆ ಅತಿಯಾಗಿ ಉಪಕಾರ ಸ್ಮರಿಸಿದರೆ ಮುಂದಿನ ಕಂತು ದಾನವಾಗುತ್ತದೆ. ಆದರೆ ಸುಮ್ಮನೂ ಇರಲಿಲ್ಲ. ಕಷ್ಟಪಟ್ಟು ಹಣ ಹಾಕಿದವರಿಗೆ ಆ ಕಡೆಯಿಂದ ಸದ್ದೇ ಇಲ್ಲದಿದ್ದರೆ ಮುಖಕ್ಕೆ ಹೊಡೆದಂತಾಗುತ್ತದೆ. ಮಾರ್ಚ್ 26ಕ್ಕೆ 20,000 ಬಂತು, 13,500 ಬರಲಿಲ್ಲ. ಯುಗಾದಿ ಮಾರ್ಚ್ 30ಕ್ಕಿತ್ತು, ಹಬ್ಬ ಕಳೆಯಲೆಂದು ಬಿಟ್ಟು ಏಪ್ರಿಲ್ 5ಕ್ಕೆ ಒಂದೇ ಸಾಲು ಬರೆದೆ: "ಭಾವ, ಕೊನೆಯ ₹13,500 ಈ ವಾರ ಆಗಬಹುದೇ?" ಏಪ್ರಿಲ್ 7ಕ್ಕೆ ಬಂತು.

ಕಾಗದ, ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಏನಾದರೂ ಇಟ್ಟುಕೊಂಡಿದ್ದರೆ ಆ ವಾರವೇ ಮರಳಿಸಬೇಕು. ಅವರು ಕೇಳುವವರೆಗೆ ಕಾಯಬಾರದು. ನಮ್ಮಲ್ಲಿ ಅದೇನೂ ಇರಲಿಲ್ಲ. "₹13,500 ಬಂತು ಭಾವ. 2023ರ ಬೋರ್‌ವೆಲ್ ಲೆಕ್ಕ ಇಲ್ಲಿಗೆ ಚುಕ್ತಾ" ಎಂದು ಬರೆದೆ.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಬೋರ್‌ನಲ್ಲಿ ನೀರು ಚೆನ್ನಾಗಿದೆ. ಮೇ ರಜಕ್ಕೆ ಮಕ್ಕಳನ್ನು ಕರೆದುಕೊಂಡು ಬಾ."